ಜರ್ಮನಿಗೆ ಹೋಗಿ ಜರ್ಮನ್‌ನಲ್ಲೇ ಓದೋರಿಗೆ: ಮೊದಲನೇ ಸೆಮಿಸ್ಟರ್‌ನ ರೆಫೆರಾಟ್ ಬಗ್ಗೆ ಒಂದು ಎಚ್ಚರಿಕೆ

ಈ ಅಕ್ಟೋಬರ್‌ನಲ್ಲಿ ಜರ್ಮನಿಯಲ್ಲಿ ನಾನಿರೋ ಊರಿಗೆ ಹೊಸದಾಗಿ ಬಂದ ಇಬ್ಬರು, ಒಬ್ಳು ದಾವಣಗೆರೆಯವಳು ಒಬ್ಬ ಹುಬ್ಬಳ್ಳಿಯವನು, ಕ್ರಿಸ್‌ಮಸ್ ಒಳಗೆ ರೆಫೆರಾಟ್ ವಿಷಯದಲ್ಲಿ, ಅಂದ್ರೆ ಸೆಮಿನಾರ್‌ನಲ್ಲಿ ನಾವು ನಿಂತು ಮಾತಾಡ್ಬೇಕಲ್ಲ ಅದ್ರಲ್ಲಿ, ನಾನು ಮಾಡಿದ್ದ ತಪ್ಪನ್ನೇ ಮಾಡಿ ನನ್ನ ಅಡುಗೆಮನೇಲಿ ಬಂದು ಕೂತಿದ್ರು. ಅದಕ್ಕೆ ಇದನ್ನ ಬರೀತಿದೀನಿ. ವೀಸಾ, ಬ್ಲಾಕ್ಡ್ ಅಕೌಂಟ್, ಇನ್ಶೂರೆನ್ಸ್ ಇದೆಲ್ಲ ನಿಮಗೆ ಗೊತ್ತೇ ಇರತ್ತೆ, ಬಿಡಿ. ಇಂಗ್ಲಿಷ್ ಮಾಧ್ಯಮದ ಮಾಸ್ಟರ್ಸ್‌ಗೆ ಬರೋರಿಗೂ ಇದು ಅಷ್ಟಾಗಿ ಬೇಡ. ಜರ್ಮನ್ ಕಲಿತು, ಪರೀಕ್ಷೆ ಪಾಸಾಗಿ, ಜರ್ಮನ್‌ನಲ್ಲೇ ಪಾಠ ಕೇಳ್ತೀನಿ ಅಂತ ಹೊರಟೋರಿಗೆ ಮಾತ್ರ.

ಮೊದಲು ಆ ಪರೀಕ್ಷೆ ವಿಷಯ. ನಾನು ಡಿಎಸ್‌ಹಾ-2 ತಗೊಂಡು ಬಂದೋಳು, ಅಂದ್ರೆ 67 ಪರ್ಸೆಂಟ್ ಮೇಲೆ. ಅದ್ರಲ್ಲಿ ಕೇಳೋ ಭಾಗ ಇರತ್ತಲ್ಲ, ಒಂದು ಚಿಕ್ಕ ಉಪನ್ಯಾಸ, ಅದನ್ನ ಎರಡು ಸಲ ಓದ್ತಾರೆ, ಸ್ಪಷ್ಟವಾಗಿ ಓದ್ತಾರೆ. ನಿಜವಾದ ಲೆಕ್ಚರ್‌ನ ಯಾರೂ ಎರಡನೇ ಸಲ ಹೇಳಲ್ಲ, 90 ನಿಮಿಷ ಇರತ್ತೆ, ಪ್ರೊಫೆಸರ್ ಬೋರ್ಡ್ ಕಡೆ ತಿರುಗಿ ಮಾತಾಡ್ತಾರೆ, ಮಧ್ಯ ಒಂದು ವಾಕ್ಯ ಬಿಟ್ಟು ಇನ್ನೊಂದಕ್ಕೆ ಹೋಗ್ತಾರೆ. ಪರೀಕ್ಷೆ ಪಾಸಾದ್ರೆ ಲೆಕ್ಚರ್ ಅರ್ಥ ಆಗತ್ತೆ ಅಂದ್ಕೊಂಡಿದ್ದೆ, ಆಗ್ಲಿಲ್ಲ. ಮೊದಲ ಮೂರು ವಾರ ನಾನು ಸ್ಲೈಡ್‌ನಲ್ಲಿ ಇದ್ದದ್ದನ್ನೇ ನೋಟ್ಸ್‌ಗೆ ಇಳಿಸ್ತಾ ಇದ್ದೆ, ಅವರು ಬಾಯಲ್ಲಿ ಹೇಳಿದ್ದು ಒಂದೂ ಬರೆದಿಲ್ಲ.

ಆಮೇಲೆ ಗೊತ್ತಾಯ್ತು ತೊಂದರೆ ಎಲ್ಲಿದೆ ಅಂತ. ನಾವು ಜರ್ಮನ್‌ನ ಇಂಗ್ಲಿಷ್ ಮೂಲಕ ಕಲಿತಿರ್ತೀವಿ, ಕ್ಲಾಸಲ್ಲಿ ಕೂತಾಗಲೂ ತಲೆ ಇಂಗ್ಲಿಷ್‌ಗೇ ತಿರುಗಿಸ್ತಾ ಇರತ್ತೆ. ಇಂಗ್ಲಿಷ್‌ಗೆ ಕ್ರಿಯಾಪದ ಬೇಗ ಬೇಕು, ಜರ್ಮನ್ ಅದನ್ನ ಕೊನೇವರೆಗೂ ಕೊಡಲ್ಲ, ಅಷ್ಟರಲ್ಲಿ ನಾವು ದಾರಿ ತಪ್ಪಿರ್ತೀವಿ. ಆದ್ರೆ ಕನ್ನಡಕ್ಕೆ ಆ ಅವಸರ ಇಲ್ಲ ನೋಡಿ. "ವೈಲ್ ಡೇರ್ ಷ್ಟಾಟ್ ಡೀ ಕೊಸ್ಟೆನ್ ನಿಷ್ಟ್ ಊಬರ್‌ನಿಮ್ಟ್" ಅಂತ ಬಂತು ಅಂದ್ಕೊಳಿ. ವೈಲ್ ಅಂದ್ರೆ ಯಾಕಂದ್ರೆ, ಅದಾದ್ಮೇಲೆ ಸರ್ಕಾರ, ಖರ್ಚನ್ನ, ಇಲ್ಲ, ವಹಿಸ್ಕೊಳತ್ತೆ. ಹೆಚ್ಚುಕಮ್ಮಿ ಕನ್ನಡದ ಸಾಲೇ, ಯಾಕಂದ್ರೆ ಸರ್ಕಾರ ಆ ಖರ್ಚನ್ನ ವಹಿಸ್ಕೊಳಲ್ಲ. ಇನ್ನೊಂದು ಇದಕ್ಕಿಂತ ಚೆನ್ನಾಗಿದೆ: "ಡೀ ಫೊನ್ ಡೇರ್ ಷ್ಟಟ್ ಇಮ್ ಲೆಟ್ಸ್‌ಟೆನ್ ಯಾರ್ ಗೆಬೌಟೆನ್ ವೋನುಂಗೆನ್". ನಗರದೋರು ಹೋದ ವರ್ಷ ಕಟ್ಟಿದ ಮನೆಗಳು. ಇಂಗ್ಲಿಷ್‌ನಲ್ಲಿ ಇದನ್ನ ಹೇಳ್ಬೇಕಂದ್ರೆ ಮನೆಯಿಂದ ಶುರು ಮಾಡಿ ಹಿಂದಕ್ಕೆ ಹೋಗ್ಬೇಕು, ಕನ್ನಡದಲ್ಲಿ ಕೇಳಿದ ಹಾಗೆ ಮುಂದೆ ಹೋಗ್ತಾ ಇದ್ರೆ ಸಾಕು. ಲೆಕ್ಚರ್‌ಗಳಲ್ಲಿ ಈ ಥರದ ಉದ್ದ ವಿಶೇಷಣ ಬಹಳ. ಇನ್ನು ಷ್ಟಾಟ್ ಅಂದ್ರೆ ಸರ್ಕಾರ, ಷ್ಟಟ್ ಅಂದ್ರೆ ನಗರ, ಬರೀ ದೀರ್ಘ ಹ್ರಸ್ವದ ವ್ಯತ್ಯಾಸ, ಅ ಆ ಬೇರೆ ಬೇರೆ ಅಂತ ಒಂದನೇ ಕ್ಲಾಸಲ್ಲೇ ಕಲಿತ ಕಿವಿ ನಮ್ಮದು, ಅದನ್ನ ನಂಬಿ.

ಹಾಗಾಗಿ ಬರೋ ಮುಂಚೆ ಎರಡು ತಿಂಗಳು ಇದ್ರೆ, ಇನ್ನೊಂದು ವ್ಯಾಕರಣ ಪುಸ್ತಕ ತಗೋಬೇಡಿ. ನಿಮ್ಮ ವಿಷಯದ ಒಂದು ರೆಕಾರ್ಡ್ ಆದ ಲೆಕ್ಚರ್ ಹುಡುಕಿ, ತುಂಬ ಜರ್ಮನ್ ಯೂನಿವರ್ಸಿಟಿಗಳು ಹಾಕಿರ್ತವೆ, ದಿನಾ ಹತ್ತು ನಿಮಿಷ ಕೇಳಿ, ನಿಲ್ಲಿಸಿ, ಆ ಹತ್ತು ನಿಮಿಷ ಏನು ಹೇಳಿದ್ರು ಅಂತ ಜೋರಾಗಿ ಕನ್ನಡದಲ್ಲಿ ಹೇಳ್ಕೊಳಿ. ನಾನಿದನ್ನ ಎರಡನೇ ವರ್ಷ ಶುರು ಮಾಡಿದೆ, ಒಂದೇ ತಿಂಗಳಲ್ಲಿ ವ್ಯತ್ಯಾಸ ಗೊತ್ತಾಯ್ತು. ಇಲ್ಲಿಗೆ ಬಂದ್ಮೇಲೆ ಹಿಂದಿನ ರಾತ್ರಿ ಸ್ಲೈಡ್ ನೋಡಿ ಗೊತ್ತಿಲ್ಲದ ಇಪ್ಪತ್ತು ಪದ ಬರ್ಕೊಂಡು ಹೋಗಿ, ಕ್ಲಾಸಲ್ಲಿ ಸ್ಲೈಡ್ ನಕಲು ಮಾಡ್ಬೇಡಿ. "ತ್ಸ್ವಾರ್" ಅನ್ನೋ ಪದ ಕೇಳಿದ ತಕ್ಷಣ ಪೆನ್ ಹಿಡ್ಕೊಳಿ. ಅದು ನಮ್ಮ "ನಿಜಾನೇ..." ಇದ್ದ ಹಾಗೆ, ಹಿಂದೇನೇ "ಆದ್ರೆ" ಬರತ್ತೆ, ಪ್ರೊಫೆಸರ್ ಅವರ ಅಭಿಪ್ರಾಯ ಇರೋದು ಆ ಆದ್ರೆ ಆದ್ಮೇಲೆ. ಮೊದಲ ಅರ್ಧ ಮಾತ್ರ ಬರ್ಕೊಂಡು ಉಲ್ಟಾ ನೋಟ್ಸ್ ಮಾಡ್ಕೊಂಡೋರನ್ನ ನೋಡಿದೀನಿ. ಮತ್ತೆ ಫೋನಲ್ಲಿ ರೆಕಾರ್ಡ್ ಮಾಡೋಕೆ ಮೊದಲು ದಯವಿಟ್ಟು ಕೇಳಿ, ಅನುಮತಿ ಇಲ್ಲದೆ ಇನ್ನೊಬ್ಬರ ಮಾತು ರೆಕಾರ್ಡ್ ಮಾಡೋದು ಇಲ್ಲಿ ಅಪರಾಧ ಆಗ್ಬಹುದು.

ಈಗ ಸೆಮಿನಾರ್. ನನ್ನ ಒಂದು ವರ್ಷ ಹೋಗಿದ್ದು ಇಲ್ಲೇ.

ನಮ್ಮಲ್ಲಿ ಸೆಮಿನಾರ್ ಅಂದ್ರೆ ಪಿಪಿಟಿ ಮಾಡಿ, ಓದಿ, "ಎನಿ ಡೌಟ್ಸ್" ಅಂತ ಕೇಳಿ, ಯಾರೂ ಏನೂ ಕೇಳದೆ ಚಪ್ಪಾಳೆ. ಇಲ್ಲಿ ಸೆಮಿನಾರ್ ಅಂದ್ರೆ ಇಡೀ ಕೋರ್ಸ್. ಹದಿನೈದು ಇಪ್ಪತ್ತು ಜನ, ಮೊದಲ ದಿನವೇ ವಿಷಯ ಹಂಚ್ತಾರೆ, ಪ್ರತಿಯೊಬ್ಬರಿಗೂ ಒಂದು ವಾರ. ಆ ವಾರ ನೀವು ರೆಫೆರಾಟ್ ಕೊಡ್ಬೇಕು, ಅಂದ್ರೆ ಇಪ್ಪತ್ತು ಮೂವತ್ತು ನಿಮಿಷ ಮಾತಾಡ್ಬೇಕು, ಆಮೇಲೆ ಉಳಿದ ಚರ್ಚೆ ನಡೆಸೋ ಜವಾಬ್ದಾರಿನೂ ನಿಮ್ಮದೇ. ಈ ಎರಡನೇ ಭಾಗ ನನಗೆ ಯಾರೂ ಹೇಳಿರ್ಲಿಲ್ಲ.

ನಾನು ನಗರ ಯೋಜನೆ ಓದ್ತಿದ್ದೆ, ನನಗೆ ಬಂದ ವಿಷಯ ಮೀಟ್‌ಪ್ರೈಸ್‌ಬ್ರೆಮ್ಸೆ, ಬಾಡಿಗೆಗೆ ಹಾಕಿರೋ ಬ್ರೇಕ್. 2015ರಲ್ಲಿ ಬಂದ ಕಾನೂನು. ಮನೆ ಸಿಗೋದು ಕಷ್ಟ ಅಂತ ರಾಜ್ಯ ಗುರುತಿಸಿದ ಊರುಗಳಲ್ಲಿ ಹೊಸ ಬಾಡಿಗೆದಾರರ ಹತ್ರ ಆ ಜಾಗದ ವಾಡಿಕೆ ಬಾಡಿಗೆಗಿಂತ 10 ಪರ್ಸೆಂಟ್ ಮಾತ್ರ ಜಾಸ್ತಿ ಕೇಳ್ಬಹುದು, ಆ ವಾಡಿಕೆ ಬಾಡಿಗೆ ಎಷ್ಟು ಅಂತ ತೋರಿಸೋ ಪಟ್ಟಿಗೆ ಮೀಟ್‌ಶ್ಪೀಗೆಲ್ ಅಂತಾರೆ. ಮೂರು ವಾರ ಕೂತು ಹನ್ನೆರಡು ಪುಟ ಬರೆದು, ಗೆಳತಿ ಹತ್ರ ವ್ಯಾಕರಣ ತಿದ್ದಿಸಿ, ಬಾಯಿಪಾಠ ಮಾಡಿ, ಕಾಗದ ಹಿಡ್ಕೊಂಡು ಓದಿದೆ. ಉಚ್ಚಾರಣೆ ಸರಿಯಾಗೇ ಬಂತು. ಆಮೇಲೆ ಒಬ್ಬ ಕೈ ಎತ್ತಿ ಕೇಳಿದ: ಊರಲ್ಲಿ ಮೀಟ್‌ಶ್ಪೀಗೆಲ್ ಇಲ್ಲ ಅಂದ್ರೆ ಆ ವಾಡಿಕೆ ಬಾಡಿಗೆಯನ್ನ ಯಾವುದರ ಆಧಾರದ ಮೇಲೆ ಹೇಳ್ತಾರೆ? ಜರ್ಮನ್‌ನಲ್ಲಿ ಆ "ಇಲ್ಲ" ಇದ್ದದ್ದು "ಕೈನೆನ್" ಅನ್ನೋ ಪದದಲ್ಲಿ. "ಐನೆನ್" ಅಂದ್ರೆ ಒಂದು ಇದೆ, "ಕೈನೆನ್" ಅಂದ್ರೆ ಒಂದೂ ಇಲ್ಲ, ಮುಂದೆ ಒಂದು ಕ್ ಅಷ್ಟೇ. ನನಗೆ ಕೇಳಿಸಿದ್ದು ಮೀಟ್‌ಶ್ಪೀಗೆಲ್ ಮಾತ್ರ. ಖುಷಿಯಿಂದ ಮೀಟ್‌ಶ್ಪೀಗೆಲ್ ಅಂದ್ರೇನು ಅಂತ ಮೂರು ನಿಮಿಷ ವಿವರಿಸಿದೆ. ಉತ್ತರ ನನಗೆ ಗೊತ್ತಿತ್ತು ಕಣ್ರೀ, ತಜ್ಞರ ವರದಿ ತಗೋಬಹುದು, ಅಂಥದ್ದೇ ಬೇರೆ ಮನೆಗಳ ಬಾಡಿಗೆ ತೋರಿಸ್ಬಹುದು, ನನ್ನ ಹನ್ನೆರಡು ಪುಟದಲ್ಲೇ ಇತ್ತು. ಅವನು ಇನ್ನೊಂದ್ಸಲ ಕೇಳಿದ, ನಾನು ಅದನ್ನೇ ಇನ್ನೊಂದ್ಸಲ ಹೇಳಿದೆ. ಮೂರನೇ ಪ್ರಶ್ನೆಗೆ ಬರೀ ತಲೆ ಆಡಿಸಿದೆ. ರೂಮು ಸುಮ್ಮನಾಗೋಯ್ತು.

ಕ್ಲಾಸ್ ಆದ್ಮೇಲೆ ಪ್ರೊಫೆಸರ್ ಕರೆದು, ಬರೆದದ್ದನ್ನ ಓದಿದ್ರೆ ರೆಫೆರಾಟ್ ಆಗಲ್ಲ, ಚರ್ಚೆಯೂ ನಡೀಲಿಲ್ಲ, ಲೆಕ್ಕಕ್ಕೆ ತಗೋಳಕ್ಕಾಗಲ್ಲ, ಮುಂದಿನ ಸಲ ಮಾಡಿ ಅಂದ್ರು. ಬೈದಿಲ್ಲ, ಸಮಾಧಾನವಾಗೇ ಹೇಳಿದ್ರು. ಮುಂದಿನ ಸಲ ಅಂದ್ರೆ ಮುಂದಿನ ಸೆಮಿಸ್ಟರ್ ಅಂದ್ಕೊಂಡೆ. ಆ ಸೆಮಿನಾರ್ ಚಳಿಗಾಲದ ಸೆಮಿಸ್ಟರ್‌ನಲ್ಲಿ ಮಾತ್ರ ನಡೆಯೋದು! ರೆಫೆರಾಟ್ ಇಲ್ಲದೆ ಹೌಸ್‌ಆರ್ಬೈಟ್, ಅಂದ್ರೆ ಸೆಮಿನಾರ್‌ನ ಪ್ರಬಂಧ, ಬರೆಯೋಹಾಗಿಲ್ಲ, ಅದಿಲ್ಲದೆ ಮಾಡ್ಯೂಲ್ ಮುಗಿಯಲ್ಲ, ಅದು ಮುಗೀದೆ ಥೀಸಿಸ್‌ಗೆ ಹೆಸರು ಕೊಡೋಹಾಗಿಲ್ಲ. ಹೀಗೆ ಒಂದಕ್ಕೊಂದು ಕಟ್ಕೊಂಡು ನನ್ನ ಓದು ಒಂದು ವರ್ಷ ಉದ್ದ ಆಯ್ತು. ಈಗಿನ ಲೆಕ್ಕದಲ್ಲಿ ಬ್ಲಾಕ್ಡ್ ಅಕೌಂಟ್‌ಗೆ ತಿಂಗಳಿಗೆ 992 ಯೂರೋ, ವರ್ಷಕ್ಕೆ 11,904. ಒಂದು ಕ್ ಕೇಳಿಸದೇ ಹೋದದ್ದಕ್ಕೆ, ಕೇಳಿಸ್ಲಿಲ್ಲ ಅಂತ ಬಾಯಿಬಿಟ್ಟು ಹೇಳದೇ ಇದ್ದದ್ದಕ್ಕೆ, ಅಪ್ಪ ಇನ್ನೊಂದು ಸಲ ಸಾಲದ ಕಾಗದಕ್ಕೆ ಸಹಿ ಹಾಕಿದ್ರು.

ಆದ್ದರಿಂದ ಯಾವುದೇ ಸೆಮಿನಾರ್‌ಗೆ ಹೆಸರು ಕೊಡೋ ಮುಂಚೆ ನಿಮ್ಮ ಕೋರ್ಸಿನ ಮಾಡ್ಯೂಲ್ ಪುಸ್ತಕದ ಪಿಡಿಎಫ್ ತೆಗೆದು Turnus ಅಂತ ಹುಡುಕಿ. ಪ್ರತಿ ಸೆಮಿಸ್ಟರ್ ನಡೆಯತ್ತಾ, ವರ್ಷಕ್ಕೊಂದೇ ಸಲವಾ ಅಂತ ಅಲ್ಲಿ ಇರತ್ತೆ. ವರ್ಷಕ್ಕೊಂದೇ ಸಲ ಇದ್ದು, ಮುಂದಿನದಕ್ಕೆಲ್ಲ ಅದೇ ಬೇಕಾಗಿದ್ರೆ, ಅದನ್ನ ಬಿಡೋಕಾಗಲ್ಲ, ಆದ್ರೆ ಮೊದಲನೇ ಸೆಮಿಸ್ಟರ್‌ನಲ್ಲಿ ಅದೊಂದೇ ಸೆಮಿನಾರ್ ತಗೊಳಿ, ರೆಫೆರಾಟ್ ಜನವರಿಗೆ ಕೇಳಿ. ವೀಸಾ ತಡ ಆಗಿ ನವೆಂಬರ್‌ಗೆ ಬರೋರು ಇದೀರಲ್ಲ, ಮೊದಲ ದಿನ ನೀವಿಲ್ಲ ಅಂದ್ರೆ ಯಾರಿಗೂ ಬೇಡವಾದ ದಿನಾಂಕ ನಿಮಗೆ ಉಳಿಯತ್ತೆ. ಇಂಡಿಯಾದಿಂದಲೇ ಪ್ರೊಫೆಸರ್‌ಗೆ ಮೇಲ್ ಹಾಕಿ, ಕೊನೇ ವಾರಗಳಲ್ಲಿ ಒಂದು ದಿನ ಹಿಡಿದಿಡಿ ಅಂತ ಕೇಳಿ. ಹುಬ್ಬಳ್ಳಿ ಹುಡುಗ "ಅಕ್ಕಾ, ನೋಡದೇ ಇರೋ ಪ್ರೊಫೆಸರ್‌ಗೆ ಹಂಗ ಹೆಂಗ ಬರೀಲಿ" ಅಂದ. ಬರೀಬಹುದು, ಇಲ್ಲಿ ಅದು ಅಧಿಕಪ್ರಸಂಗ ಅಲ್ಲ.

ಮಾತಾಡೋಕೆ ಪೂರ್ತಿ ವಾಕ್ಯ ಬರೀಬೇಡಿ. ಒಂದು ಚೀಟಿಲಿ ನಾಕೈದು ಪದ, ಹಾಗೆ ಐದಾರು ಚೀಟಿ. ಬರೆಯೋ ಮೂರು ವಾರದಲ್ಲಿ ಒಂದು ವಾರ ಪ್ರಶ್ನೆಗಳಿಗೇ ಇಡಿ: ಯಾರಾದ್ರೂ ಜರ್ಮನ್ ಕ್ಲಾಸ್‌ಮೇಟ್‌ಗೆ ಚಹಾ ಕೊಟ್ಟು ಕೂರಿಸಿ, ನಿಮ್ಮ ವಿಷಯದ ಮೇಲೆ ಹತ್ತು ಪ್ರಶ್ನೆ ಕೇಳಿಸಿ, ಅದ್ರಲ್ಲಿ ನಾಲ್ಕಾದ್ರೂ "ಇಲ್ಲದಿದ್ರೆ" ಪ್ರಶ್ನೆ ಇರ್ಲಿ. ಪ್ರಶ್ನೆ ಅರ್ಧ ಅರ್ಥ ಆದಾಗ ಉತ್ತರ ಶುರು ಮಾಡ್ಬೇಡಿ. "ಹಾಬೆ ಇಷ್ ಜೀ ರಿಷ್ಟಿಷ್ ಫೆರ್‌ಷ್ಟಾಂಡೆನ್", ನಾನು ನಿಮ್ಮನ್ನ ಸರಿಯಾಗಿ ಅರ್ಥ ಮಾಡ್ಕೊಂಡ್ನಾ, ಅಂತ ಶುರು ಮಾಡಿ ನಿಮಗೆ ಅನ್ಸಿದ್ದನ್ನ ಹೇಳಿ. ತಪ್ಪಿದ್ರೆ ಅವರು ತಿದ್ದಿ ಇನ್ನೂ ಸರಳವಾಗಿ ಕೇಳ್ತಾರೆ. ಜೊತೆ ವಿದ್ಯಾರ್ಥಿಗೆ ಜೀ ಬೇಡ, ಡಿಷ್ ಅನ್ನಿ, ನೀವು ನೀನು ಫರಕು ನಮಗೆ ಹೊಸದಲ್ಲ.

ಬೇರೆಯವರ ರೆಫೆರಾಟ್ ದಿನ ಸುಮ್ಮನೆ ಕೂರೋದೂ ಇಂಥದ್ದೇ ತಪ್ಪು. ತುಂಬ ಕಡೆ ಕೈ ಎತ್ತಿದೋರ ಹೆಸರು ಸಾಲಾಗಿ ಬರ್ಕೋತಾರೆ, ರೇಡೆಲಿಸ್ಟೆ ಅಂತ, ಸರದಿ ಬರೋಕೆ ಐದು ನಿಮಿಷ ಆಗತ್ತೆ. ವಾಕ್ಯ ಪೂರ್ತಿ ಜೋಡಿಸ್ಕೊಂಡು ಕೈ ಎತ್ತೋಣ ಅಂದ್ರೆ ಚರ್ಚೆ ಮುಂದೆ ಹೋಗಿರತ್ತೆ. ಮೊದಲು ಕೈ ಎತ್ತಿ, ಕಾಯೋ ಹೊತ್ತಲ್ಲಿ ಜೋಡಿಸಿ. ವಿಷಯ ದಾಟಿ ಹೋಗಿದ್ರೆ "ನೊಖ್ ಐನ್‌ಮಾಲ್ ತ್ಸು ಡೇಮ್ ಪುಂಕ್ಟ್ ಫೊನ್ ಫೋರ್‌ಹಿನ್" ಅಂದ್ರೆ ಆಯ್ತು, ಆಗಿನ ಆ ವಿಷಯಕ್ಕೇ ಇನ್ನೊಂದ್ಸಲ ಬರ್ತೀನಿ ಅಂತ. ನಿಮ್ಮ ಮಾತನ್ನ ಯಾರಾದ್ರೂ ಒಪ್ಪಲ್ಲ ಅಂತ ಮುಖಕ್ಕೆ ಹೇಳಿದ್ರೆ ನೊಂದ್ಕೋಬೇಡಿ, ಕ್ಲಾಸ್ ಆದ್ಮೇಲೆ ಅವರೇ ಕಾಫಿಗೆ ಕರೀತಾರೆ.

ಯಾವ ಪದ್ಧತಿ ಒಳ್ಳೇದು ಅಂತ ಕೇಳಿದ್ರೆ, ಯೋಚನೆ ಮಾಡೋದು ಕಲಿಸೋಕೆ ಇದೇ ಒಳ್ಳೇದು, ಅದ್ರಲ್ಲಿ ನನಗೆ ಅನುಮಾನ ಇಲ್ಲ. ಆದ್ರೆ ನಮ್ಮ ಕಾಲೇಜಿನ ಇಂಟರ್ನಲ್ ಟೆಸ್ಟ್‌ಗಳು ಇಲ್ಲಿ ಇರ್ಬೇಕಿತ್ತು. ಹಿಂದೆ ಬಿದ್ದಿದೀವಿ ಅಂತ ಒಂದೂವರೆ ತಿಂಗಳಲ್ಲೇ ಗೊತ್ತಾಗ್ತಿತ್ತು, ಇಲ್ಲಿ ಕೊನೇವರೆಗೂ ಯಾರೂ ಹೇಳಲ್ಲ. ಹೇಳಿಸ್ಕೋಬೇಕಂದ್ರೆ ನೀವೇ ಪ್ರೊಫೆಸರ್‌ರ ಶ್ಪ್ರೆಷ್‌ಷ್ಟುಂಡೆಗೆ ಹೋಗ್ಬೇಕು, ವಾರಕ್ಕೊಂದು ಗಂಟೆ ವಿದ್ಯಾರ್ಥಿಗಳಿಗೇ ಅಂತ ಇಟ್ಟಿರ್ತಾರೆ. ರೆಫೆರಾಟ್‌ಗೆ ಎರಡು ವಾರ ಮುಂಚೆ ಒಂದು ಪುಟದ ಟಿಪ್ಪಣಿ ತಗೊಂಡು ಹೋಗಿ, ಇದು ಸಾಕಾ, ಚರ್ಚೆಗೆ ಈ ಮೂರು ಪ್ರಶ್ನೆ ಇಡ್ಲಾ ಅಂತ ಕೇಳಿ. ದಾವಣಗೆರೆ ಹುಡುಗಿ ಹೋದ ಮಂಗಳವಾರ ಹೋಗಿದ್ಲು. ಮೂರು ಪ್ರಶ್ನೇಲಿ ಒಂದನ್ನ ತೆಗೆಸಿದ್ರಂತೆ, ರೆಫೆರಾಟ್ ಜನವರಿ ಕೊನೇ ವಾರಕ್ಕೆ ಹಾಕಿಕೊಟ್ರಂತೆ.