ಫೋಟೊ ಅಳಿಸಿಹೋದರೂ ರಸ್ತೆಯ ಗುರುತನ್ನು ವಿವರಿಸುವುದು ಹೇಗೆ?

‘ರಸ್ತೆ ಮೇಲೆ ಬಿಳಿ ತ್ರಿಕೋನಗಳಿದ್ದವು. ಅದರರ್ಥ ಏನು?’ ಪ್ರವಾಸ ಮುಗಿಸಿ ಬಂದ ಸ್ನೇಹಿತರೊಬ್ಬರು ಕೇಳಿದ್ದು ಇಷ್ಟೇ. ಫೋಟೊ ಫೋನಿನ ಜೊತೆಗೇ ಹೋಗಿತ್ತು. ಇಂಥ ಹೊತ್ತಿನಲ್ಲಿ ಎಲ್ಲರೂ ಮೊದಲು ಮಾಡುವುದು ಗುರುತುಗಳ ಪಟ್ಟಿ ತೆಗೆದು ಹುಡುಕುವುದು. ದಯವಿಟ್ಟು ಬೇಡ. ಹತ್ತು ಚಿತ್ರ ನೋಡುವಷ್ಟರಲ್ಲಿ ‘ಹೌದು, ಇದೇ’ ಅನ್ನಿಸಿಬಿಡುತ್ತದೆ, ನಿಜವಾಗಿ ಕಂಡದ್ದು ಮಸುಕಾಗುತ್ತದೆ.

ಮೊದಲು ಕಾಗದದ ಮೇಲೆ ಗೀಚಿ. ಚಿತ್ರ ಸೊಟ್ಟಗಿದ್ದರೂ ಪರವಾಗಿಲ್ಲ. ಖಚಿತವಾಗಿ ನೆನಪಿರುವುದನ್ನು ಗಟ್ಟಿ ಗೆರೆಯಲ್ಲಿ, ಅನುಮಾನವಿರುವುದನ್ನು ಚುಕ್ಕಿ ಗೆರೆಯಲ್ಲಿ ಬರೆಯಿರಿ.

ಫಲಕವಾದರೆ ಆಕಾರದಿಂದ ಶುರು ಮಾಡಿ. ಎಂಟು ಮೂಲೆಯದಾದರೆ ‘ನಿಲ್ಲಿ’, ತಲೆಕೆಳಗಾದ ತ್ರಿಕೋನವಾದರೆ ‘ದಾರಿ ಬಿಡಿ’. ಹಿಮ ಮೆತ್ತಿಕೊಂಡರೂ ಗೊತ್ತಾಗಲೆಂದೇ ಇವೆರಡಕ್ಕೆ ಬೇರೆ ಆಕಾರ. ಆಮೇಲೆ ಅಂಚಿನ ಬಣ್ಣ, ಒಳಗಿನ ಬಣ್ಣ, ಕೊನೆಗೆ ಚಿತ್ರ. ‘ದುಂಡಗೆ, ನೀಲಿ, ಕೆಂಪು ಗೆರೆ’ ಎಂದಷ್ಟೇ ಹೇಳಿದರೆ ಸಾಲದು. ರಸ್ತೆ ಫಲಕಗಳ ಬಗೆಗಿನ 1968ರ ವಿಯೆನ್ನಾ ಅಂತರರಾಷ್ಟ್ರೀಯ ಒಪ್ಪಂದದ ಮಾದರಿಯಲ್ಲಿ ಒಂದೇ ಓರೆ ಗೆರೆ ಇದ್ದರೆ ವಾಹನ ನಿಲುಗಡೆಗೆ ನಿಷೇಧ. ಎರಡು ಗೆರೆ ಅಡ್ಡಹಾಯ್ದಿದ್ದರೆ ಯಾರನ್ನಾದರೂ ಇಳಿಸಲೆಂದು ಕ್ಷಣ ನಿಲ್ಲುವುದೂ ತಪ್ಪು.

ದೇಶವನ್ನು ಹೇಳುವುದೂ ಅಷ್ಟೇ ಮುಖ್ಯ. ವಜ್ರಾಕಾರದ ಹಳದಿ ಫಲಕ ಅಮೆರಿಕದಲ್ಲಿ ಎಚ್ಚರಿಕೆ. ಯುರೋಪಿನ ಬಹುಪಾಲು ಕಡೆ ಬಿಳಿ ಅಂಚಿರುವ ಹಳದಿ ವಜ್ರಕ್ಕೆ ‘ನೀವಿರುವ ರಸ್ತೆಗೇ ಆದ್ಯತೆ’ ಎಂದರ್ಥ.

ಈಗ ಸ್ನೇಹಿತರ ತ್ರಿಕೋನಗಳಿಗೆ ಬರೋಣ. ನೆಲದ ಗುರುತಿಗೆ ‘ನೀವು ಯಾವ ಕಡೆಯಿಂದ ಬರುತ್ತಿದ್ದಿರಿ?’ ಎಂಬುದೇ ಮೊದಲ ಪ್ರಶ್ನೆ. ಅದಿಲ್ಲದೆ ‘ಮೇಲ್ಮುಖ’, ‘ಕೆಳಮುಖ’ ಎಂಬ ಮಾತಿಗೆ ಅರ್ಥವಿಲ್ಲ. ಅವರು ನೆನೆಸಿಕೊಂಡು ಹೇಳಿದರು: ಸೈಕಲ್ಲಿನಲ್ಲಿ ಹೋಗುತ್ತಿದ್ದೆ, ಮುಂದೆ ಅಡ್ಡರಸ್ತೆಯಿತ್ತು, ಚಿಕ್ಕ ತ್ರಿಕೋನಗಳು ನನ್ನ ದಾರಿಗೆ ಅಡ್ಡವಾಗಿ ಒಂದೇ ಸಾಲಿನಲ್ಲಿದ್ದವು, ಚೂಪು ತುದಿ ನನ್ನ ಕಡೆಗಿತ್ತು. ದೇಶ ನೆದರ್ಲೆಂಡ್ಸ್.

ಅಲ್ಲಿಗೆ ಉತ್ತರ ಸಿಕ್ಕಿತು. ಅಲ್ಲಿನವರು ಅದನ್ನು ಶಾರ್ಕ್ ಹಲ್ಲು ಎನ್ನುತ್ತಾರೆ. ಹಲ್ಲು ಯಾರತ್ತ ಚಾಚಿದೆಯೋ ಅವರು ಅಡ್ಡರಸ್ತೆಯ ವಾಹನಗಳಿಗೆ ದಾರಿ ಬಿಡಬೇಕು. ಅದೇ ಬ್ರಿಟನ್ನಿನಲ್ಲಿ, ರಸ್ತೆಯುಬ್ಬಿನ ಇಳಿಜಾರಿನ ಮೇಲೆ, ತುದಿ ಮುಂದಕ್ಕೆ ಮಾಡಿದ ತ್ರಿಕೋನ ಕಂಡಿದ್ದರೆ ಅದು ಬರೀ ಉಬ್ಬಿನ ಸೂಚನೆ. ಯಾರಿಗೂ ದಾರಿ ಬಿಡುವ ಮಾತಿಲ್ಲ.

ತುದಿ ಯಾವ ಕಡೆಗಿತ್ತೆಂದು ನೆನಪಾಗದಿದ್ದರೆ ಊಹಿಸಿ ಬರೆಯಬೇಡಿ. ಜಾಗವನ್ನು ಹೇಳಿ: ಕೂಡುರಸ್ತೆಯೇ, ಉಬ್ಬೇ, ಪಕ್ಕದಲ್ಲಿ ಕಂಬವಿತ್ತೇ? ಕಂಬದ ಮೇಲೆ ತಲೆಕೆಳಗಾದ ತ್ರಿಕೋನ ಇತ್ತೆಂದರೆ ನೆಲದ್ದನ್ನು ಓದಲು ಅದೊಂದೇ ಸಾಕು.