ನೇಮಕಾತಿಯ ಆರೋಗ್ಯ ಘೋಷಣಾ ಪತ್ರ: ಏನನ್ನು ಬರೆಯಬೇಕು, ಯಾವುದಕ್ಕೆ ಉತ್ತರಿಸಬೇಕಿಲ್ಲ

ಆಯ್ಕೆಯಾಗಿದ್ದೀರಿ ಎಂಬ ಪತ್ರದ ಹಿಂದೆಯೇ ಸಾಮಾನ್ಯವಾಗಿ ಇನ್ನೆರಡು ಕಾಗದಗಳು ಬರುತ್ತವೆ. ಒಂದು, ಸಂಸ್ಥೆ ಸೂಚಿಸಿದ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಂಡು ಫಿಟ್‌ನೆಸ್ ಸರ್ಟಿಫಿಕೇಟ್ ತರಬೇಕೆಂಬ ಸೂಚನೆ. ಇನ್ನೊಂದು, ಅಭ್ಯರ್ಥಿಯೇ ತುಂಬಿ ಸಹಿ ಹಾಕಬೇಕಾದ ಆರೋಗ್ಯ ಘೋಷಣಾ ಪತ್ರ. ಜನ ಹೆದರುವುದು ಮೊದಲನೆಯದಕ್ಕೆ, ಆದರೆ ಮುಂದೆ ತೊಡಕು ಹುಟ್ಟುವುದು ಹೆಚ್ಚಾಗಿ ಎರಡನೆಯದರಿಂದ. ರಕ್ತ ಪರೀಕ್ಷೆ ಇಂದಿನ ಸ್ಥಿತಿಯನ್ನಷ್ಟೇ ತೋರಿಸಿದರೆ, ಘೋಷಣಾ ಪತ್ರ ಬಾಲ್ಯದ ಕಾಯಿಲೆಯಿಂದ ಹಿಡಿದು ತಂದೆತಾಯಿಯ ರೋಗದವರೆಗೆ ಎಲ್ಲವನ್ನೂ ಕೇಳುತ್ತದೆ. ಕೆಳಗಡೆ 'ಮೇಲಿನ ಮಾಹಿತಿ ಸುಳ್ಳೆಂದು ಕಂಡುಬಂದರೆ ಸೇವೆಯಿಂದ ತೆಗೆದುಹಾಕಬಹುದು' ಎಂಬ ಸಾಲೂ ಇರುತ್ತದೆ. ಆ ಪತ್ರವನ್ನು ಸುಳ್ಳು ಬರೆಯದೆ, ಬೇಡದ್ದನ್ನು ಬಿಟ್ಟುಕೊಡದೆ ತುಂಬುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ನೋಡಬೇಕಾದದ್ದು: ಯಾವಾಗ ಕೇಳುತ್ತಿದ್ದಾರೆ?

ಅರ್ಜಿಯ ಹಂತದಲ್ಲಿಯೋ ಸಂದರ್ಶನದಲ್ಲಿಯೋ ಕೇಳಿದ ಆರೋಗ್ಯದ ಪ್ರಶ್ನೆಗೂ ಕೆಲಸ ಕೊಡಲು ಒಪ್ಪಿದ ಮೇಲೆ ಕೇಳಿದ ಪ್ರಶ್ನೆಗೂ ದೊಡ್ಡ ವ್ಯತ್ಯಾಸವಿದೆ. ಮೊದಲೇ ಕೇಳಿದರೆ, ನಿಮ್ಮನ್ನು ಕೈಬಿಟ್ಟದ್ದು ಯೋಗ್ಯತೆ ಸಾಲದೆಯೋ ಕಾಯಿಲೆಯ ಕಾರಣಕ್ಕೋ ಎಂಬುದು ಯಾರಿಗೂ ತಿಳಿಯದು. ಆಯ್ಕೆಯಾದ ನಂತರ ಕೇಳಿ ಕೆಲಸ ನಿರಾಕರಿಸಿದರೆ ಕಾರಣ ಬಯಲಿಗೆ ಬರುತ್ತದೆ, ಅದನ್ನು ಪ್ರಶ್ನಿಸಲೂ ಸಾಧ್ಯವಾಗುತ್ತದೆ. ಅಮೆರಿಕದ 1990ರ ಅಂಗವಿಕಲರ ಕಾಯ್ದೆ ಈ ತರ್ಕದ ಮೇಲೆಯೇ ನಿಂತಿದೆ. ಅಲ್ಲಿ ಷರತ್ತುಬದ್ಧವಾಗಿಯಾದರೂ ಕೆಲಸ ಕೊಡಲು ಒಪ್ಪುವ ಮೊದಲು ವೈದ್ಯಕೀಯ ತಪಾಸಣೆ ಮಾಡಿಸುವಂತಿಲ್ಲ; ಆಮೇಲೆ ಮಾಡಿಸುವುದಾದರೂ ಅದೇ ಬಗೆಯ ಹುದ್ದೆಗೆ ಸೇರುವ ಎಲ್ಲರಿಗೂ ಮಾಡಿಸಬೇಕು. ಬ್ರಿಟನ್ನಿನ 2010ರ ಸಮಾನತೆ ಕಾಯ್ದೆಯ 60ನೇ ಕಲಮು ಕೂಡ ಕೆಲವು ವಿನಾಯಿತಿಗಳನ್ನು ಬಿಟ್ಟರೆ ಇದೇ ಮಾತನ್ನು ಹೇಳುತ್ತದೆ.

ಭಾರತದಲ್ಲಿ ಎಲ್ಲ ಉದ್ಯೋಗಗಳಿಗೂ ಅನ್ವಯಿಸುವ ಇಂಥ ಒಂದೇ ಕಾನೂನು ಇಲ್ಲ. ಆದ್ದರಿಂದ ಸಂದರ್ಶನದಲ್ಲಿ ಕಾಯಿಲೆಯ ಬಗ್ಗೆ ಕೇಳಿದರೆ, 'ಈ ಹುದ್ದೆಯ ಕೆಲಸ ಮಾಡಲು ನನಗೆ ಯಾವ ಅಡ್ಡಿಯೂ ಇಲ್ಲ. ಆಯ್ಕೆಯಾದರೆ ನಿಮ್ಮ ವೈದ್ಯರ ತಪಾಸಣೆಗೆ ಸಿದ್ಧನಿದ್ದೇನೆ' ಎಂದು ಉತ್ತರಿಸುವುದು ಸೂಕ್ತ. ಆ ಮಾತು ನಿಜವಾಗಿರಬೇಕು ಎಂಬುದಷ್ಟೇ ಇದಕ್ಕಿರುವ ಷರತ್ತು.

ಪ್ರತಿ ಪ್ರಶ್ನೆಯನ್ನೂ ಕೆಲಸಕ್ಕೆ ಕಟ್ಟಿ ನೋಡುವುದು

ಹುದ್ದೆಯ ಕರ್ತವ್ಯಗಳ ಪಟ್ಟಿಯನ್ನು ಲಿಖಿತವಾಗಿ ಕೇಳಿ ಪಡೆದು, ಘೋಷಣಾ ಪತ್ರದ ಪಕ್ಕದಲ್ಲಿ ಇಟ್ಟುಕೊಳ್ಳಬೇಕು. 'ಇದಕ್ಕೆ ಉತ್ತರ ಹೌದು ಎಂದಾದರೆ ಈ ಪಟ್ಟಿಯ ಯಾವ ಕೆಲಸ ನಿಲ್ಲುತ್ತದೆ?' ಎಂದು ಪ್ರತಿ ಪ್ರಶ್ನೆಗೂ ಕೇಳಿಕೊಳ್ಳಬೇಕು. ಇದಕ್ಕೆ ಭಾರತೀಯ ರೈಲ್ವೆಯ ಪದ್ಧತಿ ಒಳ್ಳೆಯ ನಿದರ್ಶನ. ಅಲ್ಲಿ ಹುದ್ದೆಗಳನ್ನು ಎ-1ರಿಂದ ಸಿ-2ರವರೆಗೆ ವೈದ್ಯಕೀಯ ವರ್ಗಗಳಾಗಿ ವಿಂಗಡಿಸಿದ್ದಾರೆ. ರೈಲು ಓಡಿಸುವವರು ಸೇರುವ ಎ-1 ವರ್ಗಕ್ಕೆ ಕನ್ನಡಕವಿಲ್ಲದೆ ಎರಡೂ ಕಣ್ಣುಗಳಲ್ಲಿ 6/6 ದೃಷ್ಟಿ ಬೇಕು, ಬಣ್ಣ ಗುರುತಿಸುವ ಪರೀಕ್ಷೆಯಲ್ಲೂ ತೇರ್ಗಡೆಯಾಗಬೇಕು. ಕಚೇರಿಯ ಕೆಲಸಗಳು ಬರುವ ಸಿ ವರ್ಗಕ್ಕೆ ಕನ್ನಡಕ ಹಾಕಿಕೊಂಡು ಓದಿದರೂ ನಡೆಯುತ್ತದೆ. ಕೆಂಪು ಸಿಗ್ನಲ್ಲನ್ನು ದೂರದಿಂದ ಗುರುತಿಸಬೇಕಾದವರಿಗೊಂದು ಅಳತೆ, ಕಡತ ನೋಡುವವರಿಗೆ ಇನ್ನೊಂದು ಅಳತೆ. ಸಂಸ್ಥೆ ಯಾವುದೇ ಇರಲಿ, ನ್ಯಾಯವಾದ ತಪಾಸಣೆ ಹೀಗೆ ಕೆಲಸದಿಂದ ಹೊರಡುತ್ತದೆ.

ಅಳತೆ ಇದ್ದ ಮಾತ್ರಕ್ಕೆ ಅದೇ ಕೊನೆಯ ಮಾತಲ್ಲ. ತಮಿಳುನಾಡಿನ ವಿದ್ಯುತ್ ನಿಗಮವು ಬಣ್ಣಗುರುಡಿನ ಕಾರಣಕ್ಕೆ ಸಹಾಯಕ ಎಂಜಿನಿಯರ್ ಅಭ್ಯರ್ಥಿಯೊಬ್ಬರನ್ನು ತಿರಸ್ಕರಿಸಿದ ಪ್ರಕರಣದಲ್ಲಿ, ಸೂಕ್ತ ವಿಭಾಗದಲ್ಲಿ ಅವರಿಗೆ ಕೆಲಸ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಆದೇಶಿಸಿತು.

ಕೇಳಲೇಬಾರದ ಪ್ರಶ್ನೆಗಳು

ಎಚ್‌ಐವಿ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. 2017ರಲ್ಲಿ ಅಂಗೀಕಾರವಾಗಿ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ 3ನೇ ಕಲಮು ಕೆಲಸಕ್ಕೆ ಸೇರಲು ಎಚ್‌ಐವಿ ಪರೀಕ್ಷೆಯನ್ನು ಪೂರ್ವಷರತ್ತಾಗಿ ಇಡುವುದನ್ನು ನಿಷೇಧಿಸುತ್ತದೆ. ವ್ಯಕ್ತಿಯ ತಿಳಿವಳಿಕೆಯ ಒಪ್ಪಿಗೆ ಇಲ್ಲದೆ ಆ ಪರೀಕ್ಷೆ ಮಾಡುವಂತಿಲ್ಲ. ಆದರೂ ತಪಾಸಣೆಯ 'ಪ್ಯಾಕೇಜ್' ಒಳಗೆ ಅದು ಸದ್ದಿಲ್ಲದೆ ಸೇರಿಕೊಂಡಿರಬಹುದು. ಆದ್ದರಿಂದ ರಕ್ತ ಕೊಡುವ ಮೊದಲು ಪರೀಕ್ಷೆಗಳ ಪಟ್ಟಿಯನ್ನು ಕೇಳಿ ಓದಿ, ಅದರಲ್ಲಿ ಎಚ್‌ಐವಿ ಇದ್ದರೆ ಒಪ್ಪಿಗೆ ಇಲ್ಲವೆಂದು ಅದೇ ಕಾಗದದ ಮೇಲೆ ಬರೆದು ಸಹಿ ಹಾಕಬೇಕು. ಈ ಕಾಯ್ದೆಯಡಿ ತಾರತಮ್ಯದ ದೂರನ್ನು ರಾಜ್ಯದ ಓಂಬುಡ್ಸ್‌ಮನ್ ಮುಂದೆ ಇಡಬಹುದು.

ಇನ್ನೊಂದು, ಹೆಣ್ಣುಮಕ್ಕಳ ಗರ್ಭ ಮತ್ತು ಮುಟ್ಟಿನ ಬಗೆಗಿನ ಪ್ರಶ್ನೆಗಳು. ಭಾರತೀಯ ಜೀವ ವಿಮಾ ನಿಗಮದ ಘೋಷಣಾ ಪತ್ರದಲ್ಲಿ ವಿವಾಹಿತ ಮಹಿಳೆಯರಿಗೆ ಮುಟ್ಟು ಕ್ರಮವಾಗಿದೆಯೇ, ಕೊನೆಯ ಮುಟ್ಟಿನ ದಿನಾಂಕ ಯಾವುದು, ಎಷ್ಟು ಬಾರಿ ಗರ್ಭ ನಿಂತಿತ್ತು, ಗರ್ಭಪಾತವಾಗಿದೆಯೇ ಎಂಬ ಕಾಲಂಗಳಿದ್ದವು. ನಿಗಮದ ವೈದ್ಯರಿಂದಲೇ ತಪಾಸಣೆಗೊಳಗಾಗಿ ಕೆಲಸಕ್ಕೆ ಸೇರಿದ್ದ ಮಹಿಳೆಯೊಬ್ಬರು ಪ್ರೊಬೇಷನ್ ಅವಧಿಯಲ್ಲಿ ಹೆರಿಗೆ ರಜೆ ಪಡೆದಾಗ, ಮುಟ್ಟಿನ ದಿನಾಂಕವನ್ನು ತಪ್ಪಾಗಿ ಬರೆದಿದ್ದರೆಂಬ ಕಾರಣ ಕೊಟ್ಟು ಅವರನ್ನು ತೆಗೆದುಹಾಕಲಾಯಿತು. 1991ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳುವಂತೆ ಹೇಳಿತು. ಅಷ್ಟೇ ಅಲ್ಲ, ಆ ಕಾಲಂಗಳನ್ನೇ ಪತ್ರದಿಂದ ತೆಗೆಯಲು ಆದೇಶಿಸಿತು. ಹೀಗಿದ್ದೂ ಮೂವತ್ತು ವರ್ಷಗಳ ಬಳಿಕ, ಮೂರು ತಿಂಗಳು ಮೀರಿದ ಗರ್ಭಿಣಿ ಅಭ್ಯರ್ಥಿಗಳನ್ನು 'ತಾತ್ಕಾಲಿಕವಾಗಿ ಅನರ್ಹ' ಎನ್ನುವ ಸುತ್ತೋಲೆಯನ್ನು ಭಾರತೀಯ ಸ್ಟೇಟ್ ಬ್ಯಾಂಕ್ ಹೊರಡಿಸಿ, ಟೀಕೆಯ ನಂತರ 2022ರ ಜನವರಿಯಲ್ಲಿ ಹಿಂತೆಗೆದುಕೊಂಡಿತು. ಈ ಪ್ರಶ್ನೆಗಳು ಹೊಸ ಹೊಸ ರೂಪದಲ್ಲಿ ಮತ್ತೆ ಬರುತ್ತವೆ, ಎಚ್ಚರವಿರಬೇಕು. 1991ರ ತೀರ್ಪನ್ನು ಸುಳ್ಳು ಬರೆಯಲು ಸಿಕ್ಕ ಪರವಾನಗಿ ಎಂದು ಓದುವುದೂ ತಪ್ಪು. ಪ್ರಶ್ನೆಯೇ ಮಾನಕ್ಕೆ ಕುಂದು ತರುವಂಥದ್ದಾಗಿತ್ತು ಎಂಬುದು ಅಲ್ಲಿ ಮುಖ್ಯವಾಯಿತು.

ಒಂದು ಉದಾಹರಣೆಯನ್ನು ತುಂಬಿ ನೋಡೋಣ

26 ವರ್ಷದ ಯುವತಿಯೊಬ್ಬಳನ್ನು ಊಹಿಸಿಕೊಳ್ಳಿ. ಆಕೆಗೆ ಮೂರ್ಛೆರೋಗವಿದೆ. ದಿನಕ್ಕೆರಡು ಬಾರಿ ಮಾತ್ರೆ ತೆಗೆದುಕೊಳ್ಳುತ್ತಾಳೆ, ನಾಲ್ಕು ವರ್ಷಗಳಿಂದ ಒಮ್ಮೆಯೂ ಫಿಟ್ಸ್ ಬಂದಿಲ್ಲ. ಲೆಕ್ಕಪತ್ರ ವಿಭಾಗದಲ್ಲಿ ಆಕೆಗೆ ಕೆಲಸ ಸಿಕ್ಕಿದೆ. ಘೋಷಣಾ ಪತ್ರದ ಮೊದಲ ಪ್ರಶ್ನೆ: 'ಹುದ್ದೆಯ ಕರ್ತವ್ಯ ನಿರ್ವಹಿಸಲು ಅಡ್ಡಿಯಾಗುವ ಕಾಯಿಲೆ ಇದೆಯೇ?' ಮೇಜಿನ ಮುಂದೆ ಕೂತು ಮಾಡುವ ಹಗಲಿನ ಕೆಲಸಕ್ಕೆ ಅಡ್ಡಿಯಿಲ್ಲವೆಂದು ಅವಳ ವೈದ್ಯರೂ ಒಪ್ಪುವುದಾದರೆ 'ಇಲ್ಲ' ಎಂಬುದೇ ಸತ್ಯವಾದ ಉತ್ತರ.

ಎರಡನೆಯ ಪ್ರಶ್ನೆ: 'ಫಿಟ್ಸ್, ಮಾನಸಿಕ ಕಾಯಿಲೆ, ಕ್ಷಯ, ಕ್ಯಾನ್ಸರ್ ಎಂದಾದರೂ ಬಂದಿತ್ತೇ?' ಇಲ್ಲಿ 'ಇಲ್ಲ' ಎಂದು ಬರೆದರೆ ಅದು ಸುಳ್ಳು. ಮೂರು ವರ್ಷಗಳ ನಂತರ ಕಚೇರಿಯಲ್ಲಿ ಒಮ್ಮೆ ಫಿಟ್ಸ್ ಬಂದರೆ, ಕಾಯಿಲೆಯ ಕಾರಣಕ್ಕೆ ತೆಗೆಯಲಾಗದ ಸಂಸ್ಥೆಗೂ ಸುಳ್ಳು ಘೋಷಣೆಯ ಕಾರಣ ಕೈಗೆ ಸಿಗುತ್ತದೆ. ಸುಮ್ಮನೆ ಖಾಲಿ ಬಿಟ್ಟರೆ ಮುಚ್ಚಿಟ್ಟಂತೆ ಕಾಣುತ್ತದೆ. ಆದ್ದರಿಂದ ಕಾಲಂನಲ್ಲಿ ಹೀಗೆ ಬರೆಯಬಹುದು: 'ಈ ಹುದ್ದೆಯ ಕೆಲಸಕ್ಕೆ ಅಡ್ಡಿಯಾಗುವ ಆರೋಗ್ಯ ಸ್ಥಿತಿ ನನಗಿಲ್ಲ. ಹಿಂದಿನ ವೈದ್ಯಕೀಯ ವಿವರಗಳನ್ನು ತಪಾಸಣೆ ಮಾಡುವ ವೈದ್ಯರಿಗೆ ನೇರವಾಗಿ ತಿಳಿಸುತ್ತೇನೆ.' ಆ ಮೇಲೆ ವೈದ್ಯರ ಮುಂದೆ ಎಲ್ಲವನ್ನೂ ಹೇಳಲೇಬೇಕು. ತನಗೆ ಚಿಕಿತ್ಸೆ ಕೊಡುತ್ತಿರುವ ನರರೋಗ ತಜ್ಞರಿಂದ ಒಂದು ಪತ್ರವನ್ನು ಆಕೆ ಮೊದಲೇ ತಂದಿರಬೇಕು: ಎಂದಿನಿಂದ ಫಿಟ್ಸ್ ಬಂದಿಲ್ಲ, ಯಾವ ಔಷಧಿ ನಡೆಯುತ್ತಿದೆ, ಏನನ್ನು ತಪ್ಪಿಸಬೇಕು. ನಿದ್ದೆಗೆಟ್ಟರೆ ಫಿಟ್ಸ್ ಮರಳುವ ಸಾಧ್ಯತೆ ಇರುವುದರಿಂದ ರಾತ್ರಿ ಪಾಳಿ ಬೇಡವೆಂದು ಅದರಲ್ಲಿ ಇದ್ದರೆ ಅದು ಕೆಲಸಕ್ಕೆ ಸಂಬಂಧಿಸಿದ ಮಾತು, ಸಂಸ್ಥೆಗೆ ತಿಳಿಯಬೇಕಾದದ್ದು.

ಇದೇ ಯುವತಿಗೆ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ಕೆಲಸ ಸಿಕ್ಕಿದ್ದರೆ ಮೊದಲ ಪ್ರಶ್ನೆಯಲ್ಲಿಯೇ ಹೇಳಬೇಕಾಗಿತ್ತು. ಕೆಲವೇ ಕ್ಷಣ ಪ್ರಜ್ಞೆ ತಪ್ಪಿದರೂ ಅಲ್ಲಿ ಇನ್ನೊಬ್ಬರ ಜೀವ ಹೋಗಬಹುದು. ವಾಹನ ಚಾಲನಾ ಪರವಾನಗಿಗೆ ಅರ್ಜಿ ಹಾಕುವಾಗ ಕೊಡುವ ನಮೂನೆ 1 ಕೂಡ ಮೂರ್ಛೆರೋಗದ ಬಗ್ಗೆ ನೇರವಾಗಿ ಕೇಳುತ್ತದೆ. ಕಾಯಿಲೆ ಒಂದೇ, ವ್ಯಕ್ತಿಯೂ ಒಬ್ಬಳೇ. ಕರ್ತವ್ಯ ಬದಲಾದಾಗ ಉತ್ತರಿಸುವ ಹೊಣೆಯೂ ಬದಲಾಯಿತು.

ಸಂಸ್ಥೆ ಒಪ್ಪದೆ 'ಹೌದು ಅಥವಾ ಇಲ್ಲ ಎಂದೇ ಬರೆಯಿರಿ' ಎಂದು ಪಟ್ಟುಹಿಡಿಯಬಹುದು. ಖಾಸಗಿ ಸಂಸ್ಥೆಯಲ್ಲಿ ಅದನ್ನು ತಡೆಯುವ ಬಲ ಅಭ್ಯರ್ಥಿಗೆ ಕಡಿಮೆ, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆಗ 'ಹೌದು' ಎಂದು ಬರೆದು, ತಜ್ಞರ ಪತ್ರವನ್ನು ಲಗತ್ತಿಸಿ, ಅದರ ಒಂದು ನಕಲನ್ನು ತಮ್ಮ ಬಳಿ ಇಟ್ಟುಕೊಳ್ಳುವುದೇ ಸುರಕ್ಷಿತ ದಾರಿ. ತಂದೆತಾಯಿಯ ಕಾಯಿಲೆಗಳ ಕಾಲಂ ವಿಮೆಯ ಉದ್ದೇಶಕ್ಕೆಂದು ಹೇಳಿದರೆ, ಅದನ್ನು ವಿಮಾ ಕಂಪನಿಗೇ ಪ್ರತ್ಯೇಕ ಅರ್ಜಿಯಲ್ಲಿ ಕೊಡುತ್ತೇನೆಂದು ಬರೆಯಬಹುದು.

ವೈದ್ಯರಿಂದ ಸಂಸ್ಥೆಗೆ ಏನು ಹೋಗಬೇಕು

ತಪಾಸಣೆಯ ನಂತರ ಸಂಸ್ಥೆಗೆ ಬೇಕಾದ ಉತ್ತರ ಮೂರರಲ್ಲಿ ಒಂದು: ಈ ಹುದ್ದೆಗೆ ಅರ್ಹ, ಇಂತಿಂಥ ನಿರ್ಬಂಧಗಳೊಡನೆ ಅರ್ಹ, ಅನರ್ಹ. ಮೇಲಿನ ಉದಾಹರಣೆಯಲ್ಲಿ 'ಅರ್ಹ, ರಾತ್ರಿ ಪಾಳಿ ಬೇಡ' ಎಂದಷ್ಟೇ ಬಂದರೆ ವ್ಯವಸ್ಥಾಪಕರಿಗೆ ಸಾಕು. ರೋಗದ ಹೆಸರು, ಮಾತ್ರೆಯ ಹೆಸರು, ರಕ್ತದ ವರದಿ ವೈದ್ಯರ ಬಳಿಯೇ ಉಳಿಯಬೇಕು. ಇಡೀ ವರದಿ ಮಾನವ ಸಂಪನ್ಮೂಲ ವಿಭಾಗದ ಇಮೇಲ್‌ಗೆ ಹೋಗಿಬಿಟ್ಟರೆ, ಆಮೇಲೆ ಅದನ್ನು ಯಾರು ನೋಡಿದರೆಂದು ಹೇಳುವುದೇ ಕಷ್ಟ. ಹಾಗಾಗಿ ಸಹಿ ಹಾಕುವ ಒಪ್ಪಿಗೆ ಪತ್ರದಲ್ಲಿ 'ನನ್ನ ಎಲ್ಲ ವೈದ್ಯಕೀಯ ಮಾಹಿತಿಯನ್ನು ಉದ್ಯೋಗದಾತರಿಗೆ ಕೊಡಲು' ಎಂಬ ಮಾತು ಇದೆಯೇ ಎಂದು ಹುಡುಕಿ, ಇದ್ದರೆ ಅದನ್ನು ಹೊಡೆದು 'ಅರ್ಹತೆಯ ಅಭಿಪ್ರಾಯವನ್ನು ಮಾತ್ರ' ಎಂದು ಬರೆದು ಪಕ್ಕದಲ್ಲಿ ಸಹಿ ಹಾಕಬೇಕು. ವರದಿಯ ಪ್ರತಿಯನ್ನು ತಾವೂ ಕೇಳಿ ಪಡೆಯಬೇಕು.

ಅನರ್ಹ ಎಂದರೆ

ಬಾಯಿಮಾತಿನ 'ಅನ್‌ಫಿಟ್' ಅನ್ನು ಒಪ್ಪಿ ಹಿಂದಿರುಗಬಾರದು. ಯಾವ ಪರೀಕ್ಷೆಯಲ್ಲಿ ಯಾವ ಅಳತೆ ಬಂದಿತು, ಆ ಹುದ್ದೆಗೆ ನಿಗದಿಯಾದ ಅಳತೆ ಎಷ್ಟು, ಅದರಿಂದ ಯಾವ ಕರ್ತವ್ಯ ನಿಲ್ಲುತ್ತದೆ ಎಂಬ ಮೂರನ್ನೂ ಬರಹದಲ್ಲಿ ಕೇಳಬೇಕು. ಒಮ್ಮೆ ಮಾತ್ರ ಅಳೆದ ರಕ್ತದೊತ್ತಡ ಆತಂಕದಿಂದಲೂ ಏರಿರಬಹುದು. ವಿಶ್ರಾಂತಿಯ ನಂತರ, ಬೇರೆ ದಿನ ಮತ್ತೆ ಅಳೆಯಲು ಕೋರುವುದು ನ್ಯಾಯವಾದ ಬೇಡಿಕೆ. ಸರ್ಕಾರಿ ನೇಮಕಾತಿಯಲ್ಲಿ ಮರುಪರಿಶೀಲನೆಯ ವೈದ್ಯಕೀಯ ಮಂಡಳಿಗೆ ಮೇಲ್ಮನವಿ ಹೋಗುವ ಅವಕಾಶವಿರುತ್ತದೆ. ಅದರ ಗಡುವು ಒಂದೊಂದು ನೇಮಕಾತಿಗೆ ಒಂದೊಂದು ಬಗೆ, ಕೆಲವೆಡೆ ಬಹಳ ಚಿಕ್ಕದು. ಆದ್ದರಿಂದ ಪತ್ರ ಕೈಗೆ ಬಂದ ದಿನಾಂಕವನ್ನು ಅದರ ಮೇಲೆಯೇ ಬರೆದಿಟ್ಟು, ಅದೇ ವಿಷಯದ ತಜ್ಞರಿಂದ ಹೊಸ ಪ್ರಮಾಣಪತ್ರ ಪಡೆದು ಮನವಿಯೊಂದಿಗೆ ಲಗತ್ತಿಸಬೇಕು. 'ನಾನು ಆರೋಗ್ಯವಾಗಿದ್ದೇನೆ' ಎಂಬ ಸಾಮಾನ್ಯ ಸರ್ಟಿಫಿಕೇಟ್ ಅಲ್ಲಿ ನಿಲ್ಲುವುದಿಲ್ಲ. ಮೊದಲ ಮಂಡಳಿ ಎತ್ತಿದ ದೋಷವನ್ನೇ ಹೆಸರಿಸಿ, ಅದು ಹೇಗೆ ಇಲ್ಲ ಅಥವಾ ಕೆಲಸಕ್ಕೆ ಹೇಗೆ ಅಡ್ಡಿಯಲ್ಲ ಎಂದು ತಜ್ಞರು ಬರೆದಿರಬೇಕು.