ಹಳೇ ನಷ್ಟದ ಮೇಲಿನ ಡೆಫರ್ಡ್ ಟ್ಯಾಕ್ಸ್: ಆಡಿಟ್ ಮಾಡುವುದು ಹೇಗೆ?

ಬ್ಯಾಲೆನ್ಸ್ ಶೀಟಿನಲ್ಲಿ ‘ಡೆಫರ್ಡ್ ಟ್ಯಾಕ್ಸ್ ಅಸೆಟ್’, ಅಂದರೆ ಡಿಟಿಎ, ಎಂಬ ಸಾಲು ಕಂಡರೆ ಅಲ್ಲಿ ದುಡ್ಡಿದೆ ಅಂದುಕೊಳ್ಳಬೇಡಿ. ಮುಂದೆ ಕಟ್ಟಬೇಕಾದ ತೆರಿಗೆಯಲ್ಲಿ ಇಷ್ಟು ಉಳಿಯುತ್ತದೆ ಎಂದು ಕಂಪನಿ ಹೇಳುತ್ತಿದೆ, ಅಷ್ಟೇ. ಮುಂದೆ ಲಾಭ ಬಂದರೆ ತಾನೇ ತೆರಿಗೆ, ತೆರಿಗೆ ಇದ್ದರೆ ತಾನೇ ಉಳಿತಾಯ? ಅದರಲ್ಲೂ ಹಳೇ ನಷ್ಟದ ಮೇಲೆ ಬರೆದ ಡಿಟಿಎಗೆ ಕೊನೆಯ ದಿನಾಂಕವೂ ಇರುತ್ತದೆ. ಆಡಿಟರ್ ತನ್ನ ಸಮಯದ ಹೆಚ್ಚು ಪಾಲನ್ನು ಕೊಡಬೇಕಾದದ್ದು ಇಲ್ಲಿಗೇ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ಮಾಡುವ ಒಂದು ಕಾಲ್ಪನಿಕ ಕಂಪನಿ. ಷೇರುಪೇಟೆಯಲ್ಲಿ ಇಲ್ಲ, ಆದರೆ ನೆಟ್‌ವರ್ತ್ 250 ಕೋಟಿ ದಾಟಿರುವುದರಿಂದ ಇಂಡ್ ಎಎಸ್ ಎಂಬ ಲೆಕ್ಕಪತ್ರ ಮಾನದಂಡಗಳನ್ನು ಪಾಲಿಸಬೇಕು. ಲೆಕ್ಕದ ದಿನ 31 ಮಾರ್ಚ್ 2025. ಅಂದರೆ ಇಲ್ಲಿ ಬರುವ ಸೆಕ್ಷನ್‌ಗಳೆಲ್ಲ 1961ರ ಆದಾಯ ತೆರಿಗೆ ಕಾಯ್ದೆಯವು. 2026ರ ಏಪ್ರಿಲ್ 1ರಿಂದ ಜಾರಿಯಾಗುವ 2025ರ ಹೊಸ ಕಾಯ್ದೆಯಲ್ಲಿ ನಂಬರ್‌ಗಳು ಬೇರೆ.

ಹಂತ 1: ವ್ಯತ್ಯಾಸಗಳ ಪಟ್ಟಿಯನ್ನು ನೀವೇ ಕಟ್ಟಿ

ಕಂಪನಿ ಕೊಟ್ಟ ಪಟ್ಟಿಗೆ ಟಿಕ್ ಹಾಕುತ್ತಾ ಹೋದರೆ, ಪಟ್ಟಿಯಲ್ಲೇ ಇಲ್ಲದ್ದು ಕಾಣುವುದಿಲ್ಲ. ಬ್ಯಾಲೆನ್ಸ್ ಶೀಟಿನ ಪ್ರತಿ ಸಾಲನ್ನೂ ತೆಗೆದುಕೊಳ್ಳಿ. ಪುಸ್ತಕದಲ್ಲಿ ಎಷ್ಟಿದೆ, ತೆರಿಗೆ ಲೆಕ್ಕದಲ್ಲಿ ಎಷ್ಟಿದೆ ಎಂದು ಪಕ್ಕಪಕ್ಕ ಬರೆಯಿರಿ. ವ್ಯತ್ಯಾಸ ಮುಂದೊಂದು ದಿನ ತಾನಾಗಿ ಸರಿಹೋಗುವಂಥದ್ದಾದರೆ ಅದು ತಾತ್ಕಾಲಿಕ ವ್ಯತ್ಯಾಸ.

ನಮ್ಮ ಕಂಪನಿಯ ಯಂತ್ರಗಳು ಪುಸ್ತಕದಲ್ಲಿ 160 ಕೋಟಿ, ತೆರಿಗೆ ಲೆಕ್ಕದಲ್ಲಿ 120 ಕೋಟಿ. ತೆರಿಗೆಯಲ್ಲಿ ಸವಕಳಿಯನ್ನು ಬೇಗ ತೆಗೆದುಕೊಂಡಾಗಿದೆ, ಮುಂದೆ ಕಡಿಮೆ ಸಿಗುತ್ತದೆ. ಈ 40 ಕೋಟಿಯ ಮೇಲೆ ಮುಂದೆ ತೆರಿಗೆ ಕಟ್ಟಬೇಕು, ಹಾಗಾಗಿ ಇದು ಡೆಫರ್ಡ್ ಟ್ಯಾಕ್ಸ್ ಲಯಬಿಲಿಟಿ, ಅಂದರೆ ಡಿಟಿಎಲ್. ಗ್ರಾಚ್ಯುಟಿ, ರಜೆ ನಗದೀಕರಣದಂಥವುಗಳಿಗೆ 5 ಕೋಟಿ ಎತ್ತಿಟ್ಟಿದ್ದಾರೆ. ಇದಕ್ಕೆ ತೆರಿಗೆ ವಿನಾಯಿತಿ ಸಿಗುವುದು ದುಡ್ಡು ಕೊಟ್ಟ ಮೇಲೆ, ಹಾಗಾಗಿ ಡಿಟಿಎ.

ಯಂತ್ರಗಳ ತೆರಿಗೆ ಮೌಲ್ಯವನ್ನು ಎಕ್ಸೆಲ್ ಶೀಟಿನಿಂದ ಎತ್ತಿಕೊಳ್ಳಬೇಡಿ. ಟ್ಯಾಕ್ಸ್ ಆಡಿಟ್‌ನ ಫಾರ್ಮ್ 3ಸಿಡಿ, ಸಲ್ಲಿಸಿದ ರಿಟರ್ನ್ ಎರಡಕ್ಕೂ ತಾಳೆ ನೋಡಿ. ಸಣ್ಣ ಉದ್ದಿಮೆಗಳಿಗೆ ಕೊಡಬೇಕಾದ ಬಾಕಿಯನ್ನೂ ನೋಡಿ. 2023–24ರಿಂದ ಜಾರಿಗೆ ಬಂದ 43ಬಿ(ಎಚ್) ಪ್ರಕಾರ ಗಡುವು ಮೀರಿದ ಬಾಕಿಗೆ ಆ ವರ್ಷ ವಿನಾಯಿತಿ ಇಲ್ಲ, ಕೊಟ್ಟ ವರ್ಷ ಸಿಗುತ್ತದೆ. ಈ ಸಾಲು ಪಟ್ಟಿಯಿಂದ ಬಿಟ್ಟುಹೋಗುವುದು ಜಾಸ್ತಿ. ಸಿಎಸ್‌ಆರ್ ಖರ್ಚಿನ ಕತೆ ಬೇರೆ. ಖರ್ಚು ಅಂತ ಅದನ್ನು ಎಂದೂ ಒಪ್ಪುವುದಿಲ್ಲವಾದ್ದರಿಂದ ಅದಕ್ಕೆ ಡೆಫರ್ಡ್ ಟ್ಯಾಕ್ಸ್ ಪ್ರಶ್ನೆಯೇ ಬರುವುದಿಲ್ಲ.

ಹಂತ 2: ದರ

ನಮ್ಮ ಕಂಪನಿ ಸೆಕ್ಷನ್ 115ಬಿಎಎ ಆರಿಸಿಕೊಂಡಿದೆ. ಶೇ 22 ತೆರಿಗೆ, ಅದರ ಮೇಲೆ ಶೇ 10 ಸರ್‌ಚಾರ್ಜ್, ಮತ್ತೆ ಶೇ 4 ಸೆಸ್. ಒಟ್ಟು ಶೇ 25.168. ಆಯ್ಕೆ ನಿಜವಾಗಿ ಮಾಡಿದ್ದಾರೆಯೇ ಎಂದು ಫಾರ್ಮ್ 10-ಐಸಿಯ ರಸೀದಿ ನೋಡಿ. ಈ ಆಯ್ಕೆಗೆ ಬರುವಾಗ ಹೆಚ್ಚುವರಿ ಸವಕಳಿಯಂಥ ಕೆಲವು ವಿನಾಯಿತಿಗಳಿಂದ ಹುಟ್ಟಿದ ನಷ್ಟವನ್ನು ಕೈಬಿಡಬೇಕಾಗುತ್ತದೆ. ಹಳೇ ಪಟ್ಟಿಯಲ್ಲಿ ಅದು ಇನ್ನೂ ಕೂತಿರಬಹುದು.

ಹಂತ 3: ನಷ್ಟ ಕಾನೂನಿನ ಕಣ್ಣಲ್ಲಿ ಇದೆಯೇ?

ಕಂಪನಿ ತೋರಿಸುವ ಹಳೇ ನಷ್ಟ ಹೀಗಿದೆ. 2019–20ರ ವ್ಯಾಪಾರ ನಷ್ಟದಲ್ಲಿ ಬಾಕಿ 50 ಕೋಟಿ, 2020–21ರದ್ದು 40 ಕೋಟಿ, ಜೊತೆಗೆ ಲಾಭ ಸಾಲದೆ ಬಳಕೆಯಾಗದ ಸವಕಳಿ 20 ಕೋಟಿ. ಒಟ್ಟು 110 ಕೋಟಿ. ಇದರ ಮೇಲೆ 27.68 ಕೋಟಿ ಡಿಟಿಎ ಬರೆದಿದ್ದಾರೆ.

ಲಾಭ ಬರುತ್ತದೋ ಇಲ್ಲವೋ ಎಂದು ಕೇಳುವ ಮೊದಲು, ಈ ನಷ್ಟ ಬಳಸುವ ಹಕ್ಕು ಉಳಿದಿದೆಯೇ ಎಂದು ಕೇಳಿ. ವ್ಯಾಪಾರ ನಷ್ಟವನ್ನು ಮುಂದಕ್ಕೆ ಒಯ್ಯಲು ಆ ವರ್ಷದ ರಿಟರ್ನ್ ಗಡುವಿನೊಳಗೆ ಹಾಕಿರಬೇಕು. ರಿಟರ್ನ್ ರಸೀದಿಯ ಮೇಲಿನ ದಿನಾಂಕ ನೋಡಿದರೆ ಗೊತ್ತಾಗುತ್ತದೆ. ಆಮೇಲೆ ಅಸೆಸ್‌ಮೆಂಟ್ ಆದೇಶ ಓದಿ. ರಿಟರ್ನ್‌ನಲ್ಲಿ ಹೇಳಿದ ನಷ್ಟವನ್ನು ಅಧಿಕಾರಿ ಕಡಿಮೆ ಮಾಡಿರಬಹುದು. ಅದರ ವಿರುದ್ಧ ಮೇಲ್ಮನವಿ ಇದ್ದರೆ ಆ ಭಾಗವನ್ನು ಬೇರೆಯಾಗಿಯೇ ನೋಡಬೇಕು.

ಮೂರನೆಯದು ಷೇರುದಾರರ ರಿಜಿಸ್ಟರ್. ಇಂಥ ಖಾಸಗಿ ಕಂಪನಿಗೆ ಸೆಕ್ಷನ್ 79 ಅನ್ವಯಿಸುತ್ತದೆ. ನಷ್ಟವಾದ ವರ್ಷದ ಕೊನೆಗೆ ಶೇ 51 ಮತದಾನದ ಹಕ್ಕು ಯಾರ ಕೈಯಲ್ಲಿತ್ತೋ, ನಷ್ಟ ಬಳಸುವ ವರ್ಷದ ಕೊನೆಗೂ ಅವರ ಕೈಯಲ್ಲೇ ಇರಬೇಕು. ಕೆಲವು ವಿನಾಯಿತಿಗಳನ್ನು ಬಿಟ್ಟರೆ ನಿಯಮ ಇದೇ. ಹೊಸ ಹೂಡಿಕೆದಾರರು ಬಂದು ಈ ಲೆಕ್ಕ ತಪ್ಪಿದರೆ ನಷ್ಟ ಹೋಯಿತು. ಟ್ಯಾಕ್ಸ್ ನೋಡುವವರಿಗೆ ಷೇರು ಕೈಬದಲಾದದ್ದು ಎಷ್ಟೋ ಸಲ ಗೊತ್ತೇ ಇರುವುದಿಲ್ಲ. ನಮ್ಮ ಕಂಪನಿಯಲ್ಲಿ ಮೂರೂ ಸರಿ ಇವೆ ಎಂದುಕೊಳ್ಳೋಣ.

ಹಂತ 4: ಕ್ಯಾಲೆಂಡರ್ ಹಾಕಿ

ವ್ಯಾಪಾರ ನಷ್ಟಕ್ಕೆ ಎಂಟು ಅಸೆಸ್‌ಮೆಂಟ್ ವರ್ಷಗಳ ಆಯುಸ್ಸು. 2019–20ರ ನಷ್ಟ 2027–28ರ ಲಾಭದವರೆಗೆ ಬಾಳುತ್ತದೆ. 2020–21ರದ್ದು 2028–29ರವರೆಗೆ. ಬಳಕೆಯಾಗದ ಸವಕಳಿಗೆ ಗಡುವಿಲ್ಲ. ಲಾಭದಿಂದ ಕಳೆಯುವಾಗ ಹಳೇ ವ್ಯಾಪಾರ ನಷ್ಟ ಮೊದಲು, ಹಳೇ ಸವಕಳಿ ಆಮೇಲೆ. ಗಡುವಿರುವುದು ಮೊದಲು ಖರ್ಚಾಗುವುದರಿಂದ ಕಂಪನಿಗೆ ಇದು ಅನುಕೂಲ.

ಹಂತ 5: ಲಾಭ ಬರುತ್ತದೆ ಅನ್ನುವುದಕ್ಕೆ ಆಧಾರ

ಮ್ಯಾನೇಜ್‌ಮೆಂಟ್ ಕೊಟ್ಟ ಅಂದಾಜಿನಲ್ಲಿ ಮುಂದಿನ ನಾಲ್ಕು ವರ್ಷದ ತೆರಿಗೆ ಲಾಭ 30, 40, 50, 50 ಕೋಟಿ. ಇದನ್ನು ನಂಬಿದರೆ 90 ಕೋಟಿ ವ್ಯಾಪಾರ ನಷ್ಟ ಗಡುವಿನೊಳಗೆ ಆರಾಮಾಗಿ ಮುಗಿಯುತ್ತದೆ.

ಆದರೆ ಇಂಡ್ ಎಎಸ್ 12 ಇಲ್ಲಿ ಒಂದು ಎಚ್ಚರಿಕೆ ಇಟ್ಟಿದೆ. ಬಳಸದ ನಷ್ಟ ಇದೆ ಅನ್ನುವುದೇ ಮುಂದೆ ಲಾಭ ಬಾರದಿರಬಹುದು ಅನ್ನುವುದಕ್ಕೆ ಬಲವಾದ ಸಾಕ್ಷಿ. ಇತ್ತೀಚೆಗೆ ನಷ್ಟಗಳ ಸಾಲೇ ಇದ್ದ ಕಂಪನಿಯಾದರೆ, ಲಾಭ ಬರುತ್ತದೆ ಎಂದು ನಂಬಿಸುವ ಬೇರೆ ಸಾಕ್ಷಿ ಬೇಕು.

ಮೊದಲು ಹಿಂದಿನ ಬಜೆಟ್‌ಗಳನ್ನು ತರಿಸಿ. ಹಿಂದಿನ ಮೂರು ವರ್ಷ 20, 25, 30 ಕೋಟಿ ಬರುತ್ತದೆ ಅಂದಿದ್ದರು. ಬಂದದ್ದು 7, 10, 13. ಅಂದರೆ 75ಕ್ಕೆ 30, ಶೇ 40. 13 ಕೋಟಿ ಮಾಡಿದ ಕಂಪನಿ ಮರುವರ್ಷವೇ 30 ಕೋಟಿ ಮಾಡುವುದು ಹೇಗೆ ಎಂದು ಕೇಳಲೇಬೇಕು ಅಲ್ವಾ?

ಉತ್ತರ ಪ್ಲಾನ್‌ನ ಒಂದೇ ಸಾಲಿನಲ್ಲಿತ್ತು: ‘ಹೊಸ ಗ್ರಾಹಕರಿಂದ ಮಾರಾಟ’. ಕಾಗದ ಕೇಳಿದಾಗ ಸಿಕ್ಕದ್ದು ಒಂದು ಇಮೇಲ್. ಸ್ಯಾಂಪಲ್ ಪಾಸಾದರೆ ಆರ್ಡರ್ ಕೊಡುವ ಬಗ್ಗೆ ಯೋಚಿಸುತ್ತೇವೆ ಎಂದು ಅದರಲ್ಲಿದೆ. ದರವಿಲ್ಲ, ಪ್ರಮಾಣವಿಲ್ಲ, ರದ್ದು ಮಾಡಿದರೆ ಪರಿಹಾರದ ಮಾತೂ ಇಲ್ಲ. ಇದನ್ನು ಸಾಕ್ಷಿ ಅನ್ನಲು ಆಗುವುದಿಲ್ಲ.

ಎರಡನೆಯದು ನಷ್ಟದ ಕಾರಣ. ಮತ್ತೆ ಮರುಕಳಿಸದ, ಬೊಟ್ಟು ಮಾಡಿ ತೋರಿಸಬಹುದಾದ ಕಾರಣದಿಂದ ನಷ್ಟವಾಗಿದ್ದರೆ ಕಂಪನಿಯ ವಾದಕ್ಕೆ ತೂಕ ಬರುತ್ತದೆ. ಎರಡೂ ವರ್ಷದ ನಷ್ಟಕ್ಕೆ ಕೋವಿಡ್ ಕಾರಣ ಎಂದು ಕಂಪನಿಯ ಟಿಪ್ಪಣಿ ಹೇಳುತ್ತದೆ. 2020–21ಕ್ಕೆ ಇದನ್ನು ಒಪ್ಪಬಹುದು. ಆದರೆ ದೇಶದ ಲಾಕ್‌ಡೌನ್ ಶುರುವಾದದ್ದು 25 ಮಾರ್ಚ್ 2020ರಂದು. 2019–20ರಲ್ಲಿ ಉಳಿದಿದ್ದದ್ದು ಒಂದೇ ವಾರ. ಒಂದು ವಾರದಲ್ಲಿ 50 ಕೋಟಿಗೂ ಮೀರಿದ ನಷ್ಟ ಹೇಗೆ ಬರುತ್ತದೆ? ಆ ವರ್ಷದ ತಿಂಗಳುವಾರು ಲೆಕ್ಕ ತೆಗೆಸಿ. ಏಪ್ರಿಲ್‌ನಿಂದಲೇ ನಷ್ಟ ನಡೆದಿದ್ದರೆ ಕಾರಣ ಬೇರೆ ಇದೆ, ಅದು ಇನ್ನೂ ಇರಬಹುದು.

ಮೂರನೆಯದಾಗಿ, ಇದೇ ಕಂಪನಿ ಬೇರೆಲ್ಲಿ ಯಾವ ಅಂದಾಜು ಕೊಟ್ಟಿದೆ ನೋಡಿ. ಬ್ಯಾಂಕಿಗೆ ಕೊಟ್ಟದ್ದು, ಯಂತ್ರಗಳ ಮೌಲ್ಯ ಕುಸಿದಿದೆಯೇ ಎಂದು ನೋಡುವ ಇಂಪೇರ್‌ಮೆಂಟ್ ಪರೀಕ್ಷೆಗೆ ಬಳಸಿದ್ದು, ಕಂಪನಿ ಮುಂದೆ ನಡೆಯುತ್ತದೆಯೇ ಎಂದು ನೋಡುವ ಗೋಯಿಂಗ್ ಕನ್ಸರ್ನ್ ಪರಿಶೀಲನೆಗೆ ಕೊಟ್ಟದ್ದು ಎಲ್ಲ ಒಂದಕ್ಕೊಂದು ಹೊಂದಬೇಕು. ಡಿಟಿಎಗೆ ಒಂದು ಪ್ಲಾನ್, ಇಂಪೇರ್‌ಮೆಂಟ್‌ಗೆ ಇನ್ನೊಂದು ಎಂದಾದರೆ ಯಾವುದು ನಿಜ ಎಂದು ಬರವಣಿಗೆಯಲ್ಲಿ ಕೇಳಿ.

ಹಂತ 6: ನಿಮ್ಮದೇ ಲೆಕ್ಕ

ಕಂಪನಿಯ ಅಂದಾಜಿಗೆ ಶೇ 40ರ ಇತಿಹಾಸ ಹಚ್ಚಿ ನೋಡೋಣ. 12, 16, 20, 20 ಕೋಟಿ ಬರುತ್ತದೆ. 2027–28ರ ಕೊನೆಗೆ ಒಟ್ಟು 48 ಕೋಟಿ. 2019–20ರ 50 ಕೋಟಿಯಲ್ಲಿ 2 ಕೋಟಿ ಅಲ್ಲೇ ಸತ್ತಿತು. 2028–29ರ 20 ಕೋಟಿ ಲಾಭ 2020–21ರ 40 ಕೋಟಿಯಲ್ಲಿ ಅರ್ಧವನ್ನು ಮಾತ್ರ ತಿನ್ನುತ್ತದೆ. ಉಳಿದ 20 ಕೋಟಿಗೂ ಗಡುವು ಮುಗಿಯಿತು. ಒಟ್ಟು 22 ಕೋಟಿ ನಷ್ಟ ಬಳಕೆಗೇ ಬರುವುದಿಲ್ಲ. ಅದರ ಮೇಲಿನ ಡಿಟಿಎ 5.54 ಕೋಟಿ.

ಸವಕಳಿಯ 20 ಕೋಟಿ, ಗ್ರಾಚ್ಯುಟಿಯಂಥವುಗಳ 5 ಕೋಟಿ? ಯಂತ್ರಗಳ 40 ಕೋಟಿ ವ್ಯತ್ಯಾಸದಲ್ಲಿ 15 ಕೋಟಿ ಈ ನಾಲ್ಕು ವರ್ಷದಲ್ಲಿ ತಿರುಗುತ್ತದೆ, ಅಂದರೆ ಸರಿಹೋಗಿ ತೆರಿಗೆ ಲಾಭಕ್ಕೆ ಸೇರುತ್ತದೆ; ಮೇಲಿನ ಲಾಭದ ಅಂದಾಜಿನಲ್ಲಿ ಅದು ಸೇರಿದೆ. ಉಳಿದ 25 ಕೋಟಿ ಆಮೇಲೆ ತಿರುಗುತ್ತದೆ. ಅದು ಈ ಎರಡಕ್ಕೂ ಸಾಕು, ಹೊಸ ಲಾಭದ ನಂಬಿಕೆ ಬೇಡ. ಡಿಟಿಎಲ್ ಇದ್ದಷ್ಟಕ್ಕೂ ಡಿಟಿಎ ಬರೆಯಬಹುದು ಎಂದು ಕೆಲವರು ಸುಮ್ನೆ ಒಟ್ಟು ಮೊತ್ತ ಹೋಲಿಸಿಬಿಡುತ್ತಾರೆ. ಹಾಗಲ್ಲ. ಗಡುವು ಮುಗಿದ ಮೇಲೆ ತಿರುಗುವ 25 ಕೋಟಿ ಸಾಯುವ ವ್ಯಾಪಾರ ನಷ್ಟವನ್ನು ಉಳಿಸುವುದಿಲ್ಲ. ಅಂದಾಜಿನಲ್ಲಿ ಸೇರಿದ 15 ಕೋಟಿಯನ್ನು ಎರಡನೇ ಸಲ ಎಣಿಸುವಂತೆಯೂ ಇಲ್ಲ.

ಈ ಶೇ 40 ಅಂತಿಮ ತೀರ್ಪೇನಲ್ಲ. ಹಿಂದಿನ ಬಜೆಟ್ ತಪ್ಪಿದ್ದಕ್ಕೆ ಒಮ್ಮೆ ಮಾತ್ರ ಬಂದ ಕಾರಣವಿತ್ತು ಎಂದು ಕಂಪನಿ ಕಾಗದ ಸಮೇತ ತೋರಿಸಿದರೆ ನಿಮ್ಮ ಅಂಕಿ ಮೇಲಕ್ಕೆ ಹೋಗಬಹುದು. ಆಡಿಟ್ ಮಾನದಂಡ ಎಸ್‌ಎ 540 ಕೇಳುವುದೂ ಇದನ್ನೇ: ಮ್ಯಾನೇಜ್‌ಮೆಂಟಿನ ಅಂದಾಜನ್ನು ಪರೀಕ್ಷಿಸಿ, ಬೇಕಿದ್ದರೆ ನಿಮ್ಮ ಅಂದಾಜು ಕಟ್ಟಿ ಹೋಲಿಸಿ. ಒಂದು ಕಡೆ ಮಾತ್ರ ನಾನು ಸಡಿಲ ಬಿಡುವುದಿಲ್ಲ. ಲಾಭ ಬರುತ್ತದೆ ಎಂದು ನಿರ್ದೇಶಕರು ಸಹಿ ಹಾಕಿ ಕೊಟ್ಟ ಪತ್ರ ಫೈಲಿನಲ್ಲಿ ಇರಲೇಬೇಕು, ಆದರೆ ಅದೊಂದೇ ಯಾವುದಕ್ಕೂ ಸಾಲದು.

ಸಣ್ಣ ಕಂಪನಿಯಾದರೆ

ಇಂಡ್ ಎಎಸ್ ಅನ್ವಯಿಸದ ಕಂಪನಿಗೆ ಎಎಸ್ 22 ಎಂಬ ಲೆಕ್ಕಪತ್ರ ಮಾನದಂಡ. ಅಲ್ಲಿ ಬಾಗಿಲು ಇನ್ನೂ ಕಿರಿದು. ಹಳೇ ನಷ್ಟ ಅಥವಾ ಬಳಕೆಯಾಗದ ಸವಕಳಿ ಇದ್ದರೆ, ಲಾಭ ಬರುವುದು ಬಹುತೇಕ ಖಚಿತ ಎಂದು ಮನವರಿಕೆಯಾಗುವ ಸಾಕ್ಷಿ ಬೇಕು. ಬರೀ ಬಿಸಿನೆಸ್ ಪ್ಲಾನ್ ನಡೆಯುವುದಿಲ್ಲ. ಆ ಮಾನದಂಡವೇ ಕೊಡುವ ಉದಾಹರಣೆ, ರದ್ದು ಮಾಡಿದರೆ ಭಾರಿ ಪರಿಹಾರ ಕಟ್ಟಬೇಕಾದ ರಫ್ತು ಆರ್ಡರ್. ನಮ್ಮ ಕಂಪನಿಯ ಇಮೇಲ್ ಅಲ್ಲಿ ಹತ್ತಿರಕ್ಕೂ ಬರುವುದಿಲ್ಲ.

ಹಂತ 7: ಫಲಿತಾಂಶ ಎಲ್ಲಿ ಕಾಣಬೇಕು

ಕಂಪನಿ ಒಪ್ಪಿದರೆ ಡಿಟಿಎಯಿಂದ 5.54 ಕೋಟಿ ಇಳಿಸಿ ಲಾಭ-ನಷ್ಟ ಖಾತೆಗೆ ಹಾಕುತ್ತಾರೆ. ಒಪ್ಪದಿದ್ದರೆ, ಮೊತ್ತ ದೊಡ್ಡದಾಗಿದ್ದಾಗ ಎಸ್‌ಎ 705 ಪ್ರಕಾರ ವರದಿಯಲ್ಲಿ ಷರತ್ತು ಬರೆಯುವ ಪ್ರಶ್ನೆ ಬರುತ್ತದೆ. ನೋಟ್ಸ್‌ನಲ್ಲಿ ಎರಡು ವಿಷಯ ಇವೆಯೇ ನೋಡಿ. ಡಿಟಿಎ ಬರೆಯದೆ ಬಿಟ್ಟ 22 ಕೋಟಿ ನಷ್ಟ ಎಷ್ಟೆಷ್ಟು, ಯಾವ ವರ್ಷ ಮುಗಿಯುತ್ತದೆ ಅನ್ನುವುದು ಒಂದು. ಈ ವರ್ಷ ಅಥವಾ ಹಿಂದಿನ ವರ್ಷ ನಷ್ಟವಾಗಿದ್ದು, ಮುಂದಿನ ಲಾಭವನ್ನೇ ನಂಬಿ ಡಿಟಿಎ ಬರೆದಿದ್ದರೆ ಅದಕ್ಕೆ ಆಧಾರವೇನು ಅನ್ನುವುದು ಇನ್ನೊಂದು. ನಮ್ಮ ಕಂಪನಿಗೆ ಈ ಎರಡು ವರ್ಷ ಲಾಭವೇ ಬಂದಿರುವುದರಿಂದ ಎರಡನೆಯದು ಕಡ್ಡಾಯವಲ್ಲ.

ನಿಮ್ಮ ಲೆಕ್ಕದ ಹಾಳೆಯಲ್ಲಿ ಮುಂದಿನ ನಾಲ್ಕು ವರ್ಷದ ಅಂದಾಜಿನ ಪಕ್ಕ ‘ನಿಜವಾಗಿ ಬಂದದ್ದು’ ಎಂಬ ಖಾಲಿ ಅಂಕಣ ಬಿಡಿ. 2025–26ರ ಆಡಿಟ್‌ಗೆ ಹೋದಾಗ ಮೊದಲು ತುಂಬಬೇಕಾದದ್ದು ಅದನ್ನೇ.